ಯೋಜನಾ ವರದಿಯಲ್ಲಿ ಸಹಾಯಧನದ ಜಾಗ ಯಾವುದು?

ಕಿರು ಉದ್ಯಮಕ್ಕೆ ಸಾಲ ಕೇಳಿ ಬರೆಸಿದ ಯೋಜನಾ ವರದಿಗಳನ್ನು ತೆರೆದು 'ಹಣಕಾಸಿನ ಮೂಲಗಳು' ಎಂಬ ಪುಟಕ್ಕೆ ಬಂದರೆ, ಹೆಚ್ಚಿನವುಗಳಲ್ಲಿ ಒಂದೇ ಬಗೆಯ ಮೂರು ಸಾಲುಗಳು ಕಾಣುತ್ತವೆ: ಸ್ವಂತ ಬಂಡವಾಳ ಶೇ. 5, ಸರ್ಕಾರದ ಸಹಾಯಧನ ಶೇ. 35, ಬ್ಯಾಂಕ್ ಸಾಲ ಶೇ. 60. ಕೂಡಿಸಿದರೆ ನೂರಕ್ಕೆ ನೂರು ಬರುವುದರಿಂದ ಲೆಕ್ಕ ಸರಿಯಾಗಿಯೇ ಇದೆ ಎನಿಸುತ್ತದೆ. ಆದರೆ ಯಂತ್ರ ಮಾರುವವನಿಗೆ ಹಣ ಕೊಡಬೇಕಾದ ದಿನ ಆ ಮಧ್ಯದ ಸಾಲಿನಲ್ಲಿರುವ ಹಣ ಉದ್ಯಮಿಯ ಕೈಯಲ್ಲಿ ಇರುವುದಿಲ್ಲ. ಅದು ಆಕೆಯ ಕೈಗೆ ನಗದಾಗಿ ಎಂದೂ ಬರುವುದಿಲ್ಲ. ಸಾಲಕ್ಕೆ ಜೋಡಿಸಿದ ಸಹಾಯಧನ ಎಂದರೆ ಏನು, ಅದು ಯಾವಾಗ ಎಲ್ಲಿಗೆ ಬರುತ್ತದೆ, ಹಣಕಾಸಿನ ಪುಟದಲ್ಲಿ ಅದನ್ನು ಹೇಗೆ ತೋರಿಸಬೇಕು ಎಂಬುದನ್ನು ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ, ಅಂದರೆ ಎಲ್ಲರೂ ಪಿಎಂಇಜಿಪಿ ಎಂದು ಕರೆಯುವ ಯೋಜನೆಯ, ಉದಾಹರಣೆಯಿಂದ ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ ಒಂದು ಗೊಂದಲವನ್ನು ಬದಿಗಿಡಬೇಕು. ಕಿರು ಉದ್ಯಮಗಳಿಗೆ ಸರ್ಕಾರದ ನೆರವು ಮುಖ್ಯವಾಗಿ ಮೂರು ರೂಪಗಳಲ್ಲಿ ಬರುತ್ತದೆ, ಮತ್ತು ಜನರ ಮಾತಿನಲ್ಲಿ ಈ ಮೂರೂ 'ಸಬ್ಸಿಡಿ ಲೋನ್' ಆಗಿಬಿಡುತ್ತವೆ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆ ಸಾಲದ ಯೋಜನೆ ಮಾತ್ರ. ಅದರಲ್ಲಿ ಬಂಡವಾಳ ಸಹಾಯಧನ ಇಲ್ಲ, ಪಡೆದ ಸಾಲವನ್ನು ಪೂರ್ತಿಯಾಗಿ ತೀರಿಸಬೇಕು. ಸಿಜಿಟಿಎಂಎಸ್ಇ ಎಂಬ ಖಾತರಿ ನಿಧಿ ಆಸ್ತಿ ಅಡಮಾನವಿಲ್ಲದ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡುತ್ತದೆ. ಸಾಲ ಮುಳುಗಿದರೆ ಬ್ಯಾಂಕಿನ ನಷ್ಟದ ಒಂದು ಪಾಲನ್ನು ಅದು ತುಂಬುತ್ತದೆಯೇ ಹೊರತು ಸಾಲಗಾರರ ಹೊಣೆಯನ್ನು ಮನ್ನಾ ಮಾಡುವುದಿಲ್ಲ. ಆ ಖಾತರಿಗೆ ಪ್ರತಿವರ್ಷ ಶುಲ್ಕವೂ ಇದೆ. ಅದನ್ನು ಸಾಲಗಾರರೇ ಭರಿಸಬೇಕಾದ ಕಡೆ ಅದು ವರದಿಯ ಖರ್ಚಿನ ಪಟ್ಟಿಗೆ ಸೇರಬೇಕು, ಹಣಕಾಸಿನ ಮೂಲಗಳ ಪಟ್ಟಿಗಲ್ಲ. ಮೂರನೆಯದೇ ನಮ್ಮ ವಿಷಯ: ಬ್ಯಾಂಕ್ ಸಾಲ ಮಂಜೂರಾದರೆ ಮಾತ್ರ ಸಿಗುವ, ಸಾಲದ ಖಾತೆಗೇ ಕೊನೆಯಲ್ಲಿ ಜಮಾ ಆಗುವ ಸಹಾಯಧನ. ಪಿಎಂಇಜಿಪಿಯ ಕಡತಗಳಲ್ಲಿ ಇದಕ್ಕೆ 'ಮಾರ್ಜಿನ್ ಮನಿ' ಎನ್ನುತ್ತಾರೆ.

ಪಿಎಂಇಜಿಪಿ ಜಾರಿಗೆ ಬಂದದ್ದು 2008ರಲ್ಲಿ, ಹಿಂದಿನ ಎರಡು ಉದ್ಯೋಗ ಯೋಜನೆಗಳನ್ನು ಒಗ್ಗೂಡಿಸಿ. ರಾಷ್ಟ್ರಮಟ್ಟದಲ್ಲಿ ಇದರ ಹೊಣೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ್ದು. ಜಿಲ್ಲೆಗಳಲ್ಲಿ ಆಯೋಗದ ಜೊತೆಗೆ ಖಾದಿ ಮಂಡಳಿ, ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ತೆಂಗಿನ ನಾರಿನ ಉದ್ಯಮಗಳಿಗೆ ಕಾಯಿರ್ ಮಂಡಳಿ ಅರ್ಜಿಗಳನ್ನು ನೋಡಿಕೊಳ್ಳುತ್ತವೆ. 2022ರ ಪರಿಷ್ಕರಣೆಯ ನಂತರ ತಯಾರಿಕಾ ಘಟಕಕ್ಕೆ 50 ಲಕ್ಷ ರೂಪಾಯಿ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನಾ ವೆಚ್ಚಕ್ಕೆ ಸಹಾಯಧನ ಲೆಕ್ಕವಾಗುತ್ತದೆ. ಸಾಮಾನ್ಯ ವರ್ಗದವರು ಶೇ. 10ರಷ್ಟು ಸ್ವಂತ ಹಣ ಹಾಕಬೇಕು. ಅವರಿಗೆ ನಗರ ಪ್ರದೇಶದಲ್ಲಿ ಶೇ. 15, ಗ್ರಾಮೀಣ ಪ್ರದೇಶದಲ್ಲಿ ಶೇ. 25 ಸಹಾಯಧನವಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರು ಮೊದಲಾದ ವಿಶೇಷ ವರ್ಗದವರಿಗೆ ಸ್ವಂತ ವಂತಿಗೆ ಶೇ. 5, ಸಹಾಯಧನ ನಗರದಲ್ಲಿ ಶೇ. 25 ಮತ್ತು ಗ್ರಾಮೀಣ ಪ್ರದೇಶದಲ್ಲಿ ಶೇ. 35. ಇಲ್ಲಿ 'ಗ್ರಾಮೀಣ' ಎಂಬುದು ಘಟಕ ಎಲ್ಲಿ ನಡೆಯುತ್ತದೆ ಎಂಬುದರ ಮೇಲೆ ನಿರ್ಧಾರವಾಗುತ್ತದೆ, ಅರ್ಜಿದಾರರು ಎಲ್ಲಿ ವಾಸಿಸುತ್ತಾರೆ ಎಂಬುದರ ಮೇಲಲ್ಲ. ಹಳ್ಳಿಯ ಮನೆಯ ವಿಳಾಸ ಕೊಟ್ಟು ಪುರಸಭೆ ವ್ಯಾಪ್ತಿಯ ಮಳಿಗೆಯಲ್ಲಿ ಯಂತ್ರ ಕೂರಿಸಲು ಹೊರಟವರ ವರದಿಯಲ್ಲಿ ಶೇ. 35 ಎಂದಿದ್ದರೆ, ಆ ಒಂದು ಅಂಕಿ ಇಡೀ ಹಣಕಾಸಿನ ಪುಟವನ್ನು ಕೆಡಿಸುತ್ತದೆ.

ಹಣ ಸಾಗುವ ದಾರಿ

ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿದ ಮೇಲೆ ಜಿಲ್ಲೆಯ ಸಂಸ್ಥೆ ಅದನ್ನು ಪರಿಶೀಲಿಸಿ ಬ್ಯಾಂಕಿಗೆ ಕಳಿಸುತ್ತದೆ. ಸಾಲ ಕೊಡಬೇಕೇ ಬೇಡವೇ ಎಂಬುದು ಬ್ಯಾಂಕಿನ ತೀರ್ಮಾನ. ಜಿಲ್ಲಾ ಕೈಗಾರಿಕಾ ಕೇಂದ್ರದಿಂದ ಕಡತ ಮುಂದೆ ಹೋಯಿತು ಎಂಬುದು ಮಂಜೂರಾತಿ ಅಲ್ಲ. ಬ್ಯಾಂಕ್ ಒಪ್ಪಿದರೆ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ. 90, ವಿಶೇಷ ವರ್ಗದವರಿಗೆ ಶೇ. 95 ಭಾಗವನ್ನು ಸಾಲವಾಗಿ ಮಂಜೂರು ಮಾಡುತ್ತದೆ. ಶೇ. 60 ಅಲ್ಲ, ಶೇ. 95. ಇಡೀ ವಿಷಯದ ಕೀಲು ಇರುವುದು ಇಲ್ಲಿ. ಅರ್ಜಿದಾರರು ತಮ್ಮ ವಂತಿಗೆಯನ್ನು ಖಾತೆಗೆ ಕಟ್ಟಿ, ಉದ್ಯಮಶೀಲತಾ ತರಬೇತಿಯ ಷರತ್ತು ಅನ್ವಯವಾಗುವಲ್ಲಿ ಅದನ್ನೂ ಪೂರೈಸಿ, ಸಾಲದ ಮೊದಲ ಕಂತು ಬಿಡುಗಡೆಯಾದ ಮೇಲೆ ಬ್ಯಾಂಕ್ ಶಾಖೆಯು ಮಾರ್ಜಿನ್ ಮನಿಗಾಗಿ ಬೇಡಿಕೆ ಸಲ್ಲಿಸುತ್ತದೆ. ಆ ಹಣ ಬಂದಾಗ ಅದನ್ನು ಸಾಲಕ್ಕೆ ತಕ್ಷಣ ಜಮಾ ಮಾಡುವುದಿಲ್ಲ. ಫಲಾನುಭವಿಯ ಹೆಸರಿನಲ್ಲಿ ಅದೇ ಶಾಖೆಯಲ್ಲಿ ಮೂರು ವರ್ಷದ ಅವಧಿ ಠೇವಣಿಯಾಗಿ ಇಡುತ್ತಾರೆ.

ಈ ಠೇವಣಿಗೆ ಬ್ಯಾಂಕ್ ಬಡ್ಡಿ ಕೊಡುವುದಿಲ್ಲ. ಅದಕ್ಕೆ ಪ್ರತಿಯಾಗಿ, ಠೇವಣಿಯಷ್ಟೇ ಮೊತ್ತದ ಸಾಲದ ಭಾಗಕ್ಕೆ ಬಡ್ಡಿ ಹಾಕುವಂತೆಯೂ ಇಲ್ಲ. ಮೂರು ವರ್ಷ ಕಳೆದು, ಘಟಕ ನಿಜವಾಗಿ ನಡೆಯುತ್ತಿದೆ ಎಂಬುದನ್ನು ಸ್ಥಳಕ್ಕೆ ಬಂದು ಪರಿಶೀಲಿಸಿದ ಮೇಲೆ ಠೇವಣಿಯನ್ನು ಸಾಲದ ಖಾತೆಗೆ ಹೊಂದಿಸಲಾಗುತ್ತದೆ. ಆದ್ದರಿಂದ ಸಹಾಯಧನದ ಪ್ರಯೋಜನ ಎರಡು ಹಂತದಲ್ಲಿ ಸಿಗುತ್ತದೆ: ಮೊದಲ ಮೂರು ವರ್ಷ ಬಡ್ಡಿ ಕಡಿಮೆಯಾಗುತ್ತದೆ, ಆನಂತರ ಅಸಲು ಕಡಿಮೆಯಾಗುತ್ತದೆ. ಬಂಡವಾಳ ಹೊಂದಿಸಲು ಅದು ಒಂದು ದಿನವೂ ಒದಗುವುದಿಲ್ಲ.

ಒಂದು ಘಟಕದ ಲೆಕ್ಕ

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಮಹಿಳೆಯೊಬ್ಬರು ಖಾರದ ಪುಡಿ ಮತ್ತು ಮಸಾಲೆ ಪುಡಿ ತಯಾರಿಸುವ ಹೊಸ ಘಟಕವನ್ನು ಬಾಡಿಗೆ ಕಟ್ಟಡದಲ್ಲಿ ಆರಂಭಿಸುತ್ತಾರೆ ಎಂದುಕೊಳ್ಳೋಣ. ಪುಡಿ ಮಾಡುವ ಯಂತ್ರ, ಹುರಿಯುವ ಡ್ರಮ್, ಜರಡಿ, ಪ್ಯಾಕಿಂಗ್ ಯಂತ್ರ, ತೂಕದ ಯಂತ್ರ ಮತ್ತು ಮೋಟರುಗಳ ವೈರಿಂಗ್ ಸೇರಿ 6,20,000 ರೂಪಾಯಿ. ನೆಲ ಗಟ್ಟಿ ಮಾಡುವುದು, ದೂಳು ಹೊರಹೋಗುವ ವ್ಯವಸ್ಥೆ, ಅಡ್ಡಗೋಡೆ ಇತ್ಯಾದಿ ಕಟ್ಟಡದ ಕೆಲಸಕ್ಕೆ 1,30,000. ಕಪಾಟು, ಮೇಜು ಮತ್ತಿತರ ಪೀಠೋಪಕರಣಕ್ಕೆ 50,000. ಸ್ಥಿರ ಬಂಡವಾಳ ಹೀಗೆ 8,00,000 ಆಯಿತು. ಇದರಲ್ಲಿ ಜಮೀನಿನ ಬೆಲೆ ಇಲ್ಲ ಎಂಬುದನ್ನು ಗಮನಿಸಿ; ಪಿಎಂಇಜಿಪಿಯಲ್ಲಿ ಜಮೀನಿನ ಬೆಲೆಯನ್ನು ಯೋಜನಾ ವೆಚ್ಚಕ್ಕೆ ಸೇರಿಸುವಂತಿಲ್ಲ.

ಇನ್ನು ದುಡಿಯುವ ಬಂಡವಾಳ. ನಿಯಮ ಹೇಳುವುದು ಒಂದು ಸುತ್ತಿನ ದುಡಿಯುವ ಬಂಡವಾಳ ಎಂದು. ಮೆಣಸಿನಕಾಯಿ, ಕೊತ್ತಂಬರಿ ಬೀಜ ಕೊಂಡ ದಿನದಿಂದ ಪುಡಿ ಮಾರಿ ಅಂಗಡಿಯವರಿಂದ ಹಣ ಬರುವವರೆಗಿನ ಅವಧಿಯೇ ಒಂದು ಸುತ್ತು. ನಮ್ಮ ಘಟಕದಲ್ಲಿ ತಿಂಗಳಿಗೆ ಕಚ್ಚಾವಸ್ತು 1,10,000, ಪ್ಯಾಕೆಟ್ ಮತ್ತು ಲೇಬಲ್ 10,000, ಕೂಲಿ 25,000, ವಿದ್ಯುತ್ತು ಹಾಗೂ ಬಾಡಿಗೆ 5,000, ಒಟ್ಟು 1,50,000 ರೂಪಾಯಿ ಖರ್ಚು ಬರುತ್ತದೆ, ಮತ್ತು ಸುತ್ತು 40 ದಿನದ್ದು ಎಂದಿಟ್ಟುಕೊಂಡರೆ ಬೇಕಾಗುವುದು 2,00,000. ಒಟ್ಟು ಯೋಜನಾ ವೆಚ್ಚ 10,00,000 ರೂಪಾಯಿ. ತಯಾರಿಕಾ ಘಟಕದ ವೆಚ್ಚ 10 ಲಕ್ಷ ದಾಟಿದರೆ ಅರ್ಜಿದಾರರು ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವಿದೆ. ಈ ಅರ್ಜಿ ಆ ಗೆರೆಯ ಒಳಗೇ ನಿಂತಿದೆ.

ಈಗ ಸರಿಯಾದ ಹಣಕಾಸಿನ ಪುಟ ಹೀಗಾಗುತ್ತದೆ. ಸ್ವಂತ ವಂತಿಗೆ 50,000. ಬ್ಯಾಂಕ್ ಸಾಲ 9,50,000. ಅದರಲ್ಲಿ ಸ್ಥಿರ ಬಂಡವಾಳಕ್ಕೆ ಅವಧಿ ಸಾಲ 7,60,000 ಮತ್ತು ದುಡಿಯುವ ಬಂಡವಾಳಕ್ಕೆ ಕ್ಯಾಶ್ ಕ್ರೆಡಿಟ್ ಮಿತಿ, ಅಂದರೆ ಬೇಕಾದಾಗ ಎತ್ತಿ ಹಣ ಬಂದಾಗ ಕಟ್ಟುತ್ತಿರಬಹುದಾದ ಸಾಲದ ಮಿತಿ, 1,90,000. ಮೂಲಗಳ ಪಟ್ಟಿ ಇಲ್ಲಿಗೆ ಮುಗಿಯಿತು, ಮೊತ್ತ 10 ಲಕ್ಷ. ಅದರ ಕೆಳಗೆ, ಮೊತ್ತಕ್ಕೆ ಸೇರಿಸದೆ, ಪ್ರತ್ಯೇಕವಾಗಿ ಬರೆಯಬೇಕಾದ ಸಾಲು: ಅಪೇಕ್ಷಿತ ಮಾರ್ಜಿನ್ ಮನಿ ಶೇ. 35ರಂತೆ 3,50,000, ಮೂರು ವರ್ಷ ಠೇವಣಿಯಲ್ಲಿದ್ದು ನಂತರ ಸಾಲಕ್ಕೆ ಹೊಂದಾಣಿಕೆ. ಇಷ್ಟು ಬರೆದರೆ, ಈ ವರದಿ ಬರೆದವರಿಗೆ ಯೋಜನೆ ಹೇಗೆ ನಡೆಯುತ್ತದೆಂಬುದು ಗೊತ್ತಿದೆ ಎಂಬುದು ಬ್ಯಾಂಕಿನ ಅಧಿಕಾರಿಗೆ ಓದುತ್ತಿದ್ದಂತೆಯೇ ತಿಳಿಯುತ್ತದೆ.

ಬಡ್ಡಿಯ ಲೆಕ್ಕಕ್ಕೆ ಬರೋಣ. ದರ ಶೇ. 11 ಎಂದು ಊಹಿಸಿಕೊಳ್ಳುತ್ತೇನೆ. ನಿಜವಾದ ದರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಿರುತ್ತದೆ. ಪೂರ್ತಿ 9,50,000ಕ್ಕೆ ವರ್ಷದ ಬಡ್ಡಿ 1,04,500, ಅಂದರೆ ತಿಂಗಳಿಗೆ ಸುಮಾರು 8,700. ಠೇವಣಿಯಾದ ಮೇಲೆ 3,50,000 ಕಳೆದು ಉಳಿದ 6,00,000ಕ್ಕೆ ಮಾತ್ರ ಬಡ್ಡಿ: ವರ್ಷಕ್ಕೆ 66,000, ತಿಂಗಳಿಗೆ 5,500. ತಿಂಗಳಿಗೆ 3,200ರಷ್ಟು ವ್ಯತ್ಯಾಸ. ಆದರೆ ಸಾಲದ ಮೊದಲ ಕಂತು ಬಿಡುಗಡೆಯಾದ ದಿನಕ್ಕೂ ಮಾರ್ಜಿನ್ ಮನಿ ಶಾಖೆಗೆ ಬಂದು ಠೇವಣಿಯಾಗುವ ದಿನಕ್ಕೂ ನಡುವೆ ತಿಂಗಳುಗಳೇ ಕಳೆಯಬಹುದು. ಆ ಅವಧಿಗೆ ಬಡ್ಡಿ ಪೂರ್ತಿ ಮೊತ್ತದ ಮೇಲೇ ಬೀಳುತ್ತದೆ. ಆರು ತಿಂಗಳ ವಿಳಂಬ ಎಂದು ಇಟ್ಟುಕೊಂಡರೆ ಹೆಚ್ಚುವರಿ ಹೊರೆ ಸುಮಾರು 19,000 ರೂಪಾಯಿ. ದೊಡ್ಡ ಮೊತ್ತವೇನಲ್ಲ, ಆದರೆ ಘಟಕದ ಮಾರಾಟ ಇನ್ನೂ ಕುದುರದ ಮೊದಲ ತಿಂಗಳುಗಳಲ್ಲೇ ಅದು ಬೀಳುವುದರಿಂದ ವರದಿಯ ನಗದು ಹರಿವಿನ ಪಟ್ಟಿಯಲ್ಲಿ ಅದಕ್ಕೆ ಜಾಗ ಮಾಡಿಡಬೇಕು.

ಠೇವಣಿಯಾಯಿತೋ ಇಲ್ಲವೋ, ಬಡ್ಡಿ ವಿನಾಯಿತಿ ಜಾರಿಯಾಯಿತೋ ಇಲ್ಲವೋ ಎಂಬುದನ್ನು ತಿಳಿಯಲು ಯಾರನ್ನೂ ಕೇಳುತ್ತ ಕೂರಬೇಕಿಲ್ಲ. ಸಾಲದ ಖಾತೆಯ ವಿವರಪಟ್ಟಿಯನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು. ನಮ್ಮ ಉದಾಹರಣೆಯಲ್ಲಿ 8,700ರ ಸುಮಾರಿಗಿದ್ದ ಬಡ್ಡಿ ಯಾವುದೋ ಒಂದು ತಿಂಗಳು 5,500ರ ಸುಮಾರಿಗೆ ಇಳಿಯಬೇಕು. ಠೇವಣಿ ರಸೀದಿ ಬಂದಿದ್ದೂ ಬಡ್ಡಿ ಇಳಿಯದಿದ್ದರೆ, ಖಾತೆಯಲ್ಲಿ ಆ ಹೊಂದಾಣಿಕೆ ಆಗಿಲ್ಲವೆಂದೇ ಅರ್ಥ, ಮತ್ತು ಅದನ್ನು ಲಿಖಿತವಾಗಿ ಶಾಖೆಯ ಗಮನಕ್ಕೆ ತರಬೇಕು. ಮೂರು ವರ್ಷ ಸುಮ್ಮನಿದ್ದು ಕೊನೆಗೆ ಕೇಳಿದರೆ ಹಳೆಯ ಬಡ್ಡಿಯನ್ನು ವಾಪಸು ಲೆಕ್ಕ ಹಾಕಿಸುವುದು ಸುಲಭವಲ್ಲ.

ಅಸಲಿನ ಕಂತಿನ ವಿಚಾರದಲ್ಲಿ ಇನ್ನೊಂದು ಪ್ರಶ್ನೆಯನ್ನು ವರದಿ ಬರೆಯುವ ಮೊದಲೇ ಶಾಖೆಯಲ್ಲಿ ಕೇಳಬೇಕು: ಮರುಪಾವತಿಯ ಕಂತನ್ನು ಪೂರ್ತಿ ಅವಧಿ ಸಾಲದ ಮೇಲೆ ಕಟ್ಟುತ್ತೀರೋ, ಸಹಾಯಧನ ಕಳೆದ ಮೊತ್ತದ ಮೇಲೆ ಕಟ್ಟುತ್ತೀರೋ? ಮರುಪಾವತಿಯ ಅವಧಿ ಆರಂಭಿಕ ವಿರಾಮದ ನಂತರ ಮೂರರಿಂದ ಏಳು ವರ್ಷ ಇರಬಹುದು. ಆರು ತಿಂಗಳ ವಿರಾಮ, ನಂತರ 60 ಕಂತುಗಳು ಎಂದುಕೊಂಡರೆ, ಪೂರ್ತಿ 7,60,000ದ ಮೇಲೆ ತಿಂಗಳ ಅಸಲು 12,667. ಸಹಾಯಧನ ಕಳೆದ 4,10,000ದ ಮೇಲಾದರೆ 6,833. ಮೊದಲ ವಿಧಾನದಲ್ಲಿ ಮೂರು ವರ್ಷ ಮುಗಿಯುವ ಹೊತ್ತಿಗೆ 30 ಕಂತುಗಳಲ್ಲಿ 3,80,000 ತೀರಿ ಇನ್ನು 3,80,000 ಉಳಿದಿರುತ್ತದೆ. 3,50,000ದ ಠೇವಣಿ ಜಮಾ ಆದರೆ ಬಾಕಿ ಕೇವಲ 30,000. ಅಂದರೆ ಕಂತು ಭಾರ, ಸಾಲ ಬೇಗ ಮುಗಿಯುತ್ತದೆ. ಎರಡನೆಯದರಲ್ಲಿ ಕಂತು ಹಗುರ, ಸಾಲ ಐದೂವರೆ ವರ್ಷ ಎಳೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಶಾಖೆಯಿಂದ ಸ್ಪಷ್ಟ ಉತ್ತರ ಸಿಗದಿದ್ದರೆ ವರದಿಯನ್ನು ಭಾರದ ಕಂತಿನ ಮೇಲೆಯೇ ಬರೆಯುವುದು ಲೇಸು. ಅದನ್ನು ತಾಳುವ ಉದ್ಯಮ ಹಗುರದ್ದನ್ನು ಹೇಗೂ ತಾಳುತ್ತದೆ.

ಹಿಗ್ಗಿಸಿದ ಅಂಕಿಗಳು ಹಿಂದಕ್ಕೆ ಹೋಗುವ ಬಗೆ

ಸಹಾಯಧನ ಯೋಜನಾ ವೆಚ್ಚದ ಶೇಕಡಾವಾರು ಆದ್ದರಿಂದ ವೆಚ್ಚವನ್ನು ದೊಡ್ಡದಾಗಿ ತೋರಿಸಿದಷ್ಟೂ ಲಾಭ ಎಂಬ ಲೆಕ್ಕಾಚಾರ ವರದಿ ಬರೆದುಕೊಡುವ ಕೆಲವರಲ್ಲಿ ಇದೆ. ಯಂತ್ರದ ಕೊಟೇಶನ್‌ನಲ್ಲಿ ಒಂದಿಷ್ಟು ಏರಿಸಿ, ದುಡಿಯುವ ಬಂಡವಾಳವನ್ನು ಎರಡು ಪಟ್ಟು ಮಾಡಿ ತೋರಿಸುತ್ತಾರೆ. ಯೋಜನೆಯ ನಿಯಮಗಳು ಈ ಎರಡನ್ನೂ ಹಿಡಿಯುವಂತೆಯೇ ರಚನೆಯಾಗಿವೆ.

ಸ್ಥಿರ ಬಂಡವಾಳದ ವಿಷಯದಲ್ಲಿ, ಬ್ಯಾಂಕ್ ಮಾರ್ಜಿನ್ ಮನಿಯನ್ನು ವರದಿಯಲ್ಲಿನ ಅಂದಾಜಿನ ಮೇಲೆ ಕೇಳಿದರೂ ಉಳಿಸಿಕೊಳ್ಳುವುದು ನಿಜವಾಗಿ ಆದ ಖರ್ಚಿಗೆ ತಕ್ಕಷ್ಟನ್ನು ಮಾತ್ರ. ಹೆಚ್ಚಿನದನ್ನು ಆಯೋಗಕ್ಕೆ ಹಿಂತಿರುಗಿಸಬೇಕು. ನಮ್ಮ ಉದ್ಯಮಿ 6,20,000ರ ಯಂತ್ರಗಳನ್ನು 5,20,000ಕ್ಕೆ ಕೊಂಡರೆ ಒಂದು ಲಕ್ಷಕ್ಕೆ ಸಂಬಂಧಿಸಿದ 35,000 ಸಹಾಯಧನ ಹಿಂದಕ್ಕೆ ಹೋಗುತ್ತದೆ, ಮತ್ತು ಬಡ್ಡಿ ಇಳಿಕೆಯ ಲೆಕ್ಕವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ದುಡಿಯುವ ಬಂಡವಾಳದ ನಿಯಮ ಇನ್ನೂ ಸೂಕ್ಷ್ಮವಾದದ್ದು, ಮತ್ತು ಅರ್ಜಿದಾರರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ. ಮಾರ್ಜಿನ್ ಮನಿ ಠೇವಣಿಯಲ್ಲಿರುವ ಮೂರು ವರ್ಷಗಳೊಳಗೆ ಕ್ಯಾಶ್ ಕ್ರೆಡಿಟ್ ಬಳಕೆ ಒಮ್ಮೆಯಾದರೂ ಮಂಜೂರಾದ ಮಿತಿಯ ಪೂರ್ತಿ ಮೊತ್ತವನ್ನು ಮುಟ್ಟಬೇಕು, ಮತ್ತು ಬಳಕೆ ಮಿತಿಯ ಶೇ. 75ಕ್ಕಿಂತ ಕಡಿಮೆ ಇರಬಾರದು. ಹಾಗಾಗದಿದ್ದರೆ ಆ ಪ್ರಮಾಣಕ್ಕೆ ಸರಿಯಾದ ಸಹಾಯಧನವನ್ನು ಬ್ಯಾಂಕ್ ವಸೂಲು ಮಾಡಿ ಹಿಂದಿರುಗಿಸಬೇಕಾಗುತ್ತದೆ. ನಮ್ಮ ಘಟಕಕ್ಕೆ ಮಿತಿ 1,90,000, ಅದರ ಶೇ. 75 ಎಂದರೆ 1,42,500. ಸುತ್ತಿನ ಲೆಕ್ಕ ನಿಜವಾಗಿದ್ದರೆ ಇಷ್ಟು ಬಳಕೆ ತಾನಾಗಿಯೇ ಆಗುತ್ತದೆ. ಆದರೆ ಸಹಾಯಧನದ ಆಸೆಗೆ ದುಡಿಯುವ ಬಂಡವಾಳವನ್ನು 4 ಲಕ್ಷ ಎಂದು ತೋರಿಸಿದ್ದರೆ, ಮಿತಿ 3,80,000 ಆಗಿ, 2,85,000ದಷ್ಟು ಹಣ ಖಾತೆಯಲ್ಲಿ ತಿರುಗುತ್ತಿರಬೇಕಾಗುತ್ತದೆ. ತಿಂಗಳಿಗೆ ಒಂದೂವರೆ ಲಕ್ಷ ಖರ್ಚಿನ ಘಟಕದಲ್ಲಿ ಅಷ್ಟು ಹಣಕ್ಕೆ ಕೆಲಸವೇ ಇರುವುದಿಲ್ಲ. ಬಡ್ಡಿ ತೆತ್ತು ಹಣ ಎತ್ತಬೇಕು, ಇಲ್ಲವೇ ಸಹಾಯಧನ ಬಿಡಬೇಕು.

ಇಲ್ಲೊಂದು ನಿಜವಾದ ಅಪವಾದ ಇದೆ. ಮೆಣಸಿನಕಾಯಿ ವರ್ಷವಿಡೀ ಒಂದೇ ಬೆಲೆಗೆ ಸಿಗುವ ಸರಕಲ್ಲ. ಬ್ಯಾಡಗಿಯ ಮಾರುಕಟ್ಟೆಗೆ ಹೊಸ ಮಾಲು ಬರುವ ವರ್ಷದ ಮೊದಲ ತಿಂಗಳುಗಳಲ್ಲಿ ಕೊಂಡು ದಾಸ್ತಾನು ಮಾಡುವವರ ದುಡಿಯುವ ಬಂಡವಾಳ 40 ದಿನದ ಸುತ್ತಿನಲ್ಲಿ ಮುಗಿಯುವುದಿಲ್ಲ. ಅಂಥವರು ಯೋಜನಾ ವೆಚ್ಚದಲ್ಲಿ ಒಂದು ಸುತ್ತಿನ ಮೊತ್ತವನ್ನು ಮಾತ್ರ ತೋರಿಸಿ, ಸುಗ್ಗಿಯ ದಾಸ್ತಾನಿಗೆ ಬೇಕಾಗುವ ಹೆಚ್ಚುವರಿ ಹಣವನ್ನು ಎಲ್ಲಿಂದ ತರುತ್ತೇವೆ ಎಂಬುದನ್ನು ಬೇರೆ ಪ್ಯಾರಾದಲ್ಲಿ ಬರೆಯುವುದು ಸರಿ. ಎರಡನ್ನೂ ಕಲಸಿದರೆ ಶೇ. 75ರ ಬಳಕೆ ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಕಂಡು ಉಳಿದ ಎಂಟು ತಿಂಗಳು ಖಾತೆ ಖಾಲಿ ಬಿದ್ದಿರುತ್ತದೆ.

ಶೇ. 50 ದೊಡ್ಡದೋ, ಶೇ. 35 ದೊಡ್ಡದೋ?

ಇದೇ ಮಸಾಲೆ ಘಟಕ ಆಹಾರ ಸಂಸ್ಕರಣೆಯದ್ದಾದ್ದರಿಂದ ಅದಕ್ಕೆ ಇನ್ನೊಂದು ದಾರಿಯೂ ಇದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ, ಅಂದರೆ ಪಿಎಂಎಫ್‌ಎಂಇ, ಅರ್ಹ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಕೊಡುತ್ತದೆ. ಕರ್ನಾಟಕ ಸರ್ಕಾರ ಅದಕ್ಕೆ ಶೇ. 15 ಸೇರಿಸಿ ಒಟ್ಟು ಶೇ. 50, ಗರಿಷ್ಠ 15 ಲಕ್ಷ ಮಾಡಿದೆ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಶೇ. 50 ಎಂದು ಕೇಳಿದ ಕೂಡಲೇ ಪಿಎಂಇಜಿಪಿಯ ಶೇ. 35ನ್ನು ಬಿಟ್ಟು ಇತ್ತ ಬರುವವರು ಬಹಳ. ಒಂದೇ ಘಟಕಕ್ಕೆ ಎರಡರ ಸಹಾಯಧನವನ್ನೂ ಪಡೆಯುವಂತಿಲ್ಲವಾದ್ದರಿಂದ ಆಯ್ಕೆಗೆ ಮೊದಲು ಲೆಕ್ಕ ಮಾಡಬೇಕು.

ಪಿಎಂಎಫ್‌ಎಂಇಯಲ್ಲಿ ದುಡಿಯುವ ಬಂಡವಾಳ ಅರ್ಹ ವೆಚ್ಚಕ್ಕೆ ಸೇರುವುದಿಲ್ಲ. ಯಂತ್ರೋಪಕರಣ ಸೇರುತ್ತದೆ; ಸಂಸ್ಕರಣೆಗೆ ಬೇಕಾದ ತಾಂತ್ರಿಕ ಕಟ್ಟಡ ಕೆಲಸ ಅರ್ಹ ವೆಚ್ಚದ ಶೇ. 30 ಮೀರದಂತೆ ಸೇರುತ್ತದೆ. ನಮ್ಮ ಘಟಕದಲ್ಲಿ 6,20,000 ಮತ್ತು 1,30,000 ಕೂಡಿ 7,50,000 ಅರ್ಹ ಎಂದುಕೊಳ್ಳೋಣ. ಮೇಜು, ಕಪಾಟುಗಳನ್ನು ಎಚ್ಚರಿಕೆಗಾಗಿ ಹೊರಗಿಡೋಣ. ಅದರ ಶೇ. 50 ಎಂದರೆ 3,75,000. ಪಿಎಂಇಜಿಪಿಯಲ್ಲಿ ಬಂದದ್ದು 3,50,000. ಶೇಕಡಾವಾರಿನಲ್ಲಿ 15ರ ಅಂತರ ಕಂಡರೂ ರೂಪಾಯಿಯಲ್ಲಿ ಅಂತರ 25,000 ಮಾತ್ರ. ಇತ್ತ ಸ್ವಂತ ವಂತಿಗೆ ಶೇ. 5ರ ಬದಲು ಕನಿಷ್ಠ ಶೇ. 10, ಸ್ಥಿರ ಬಂಡವಾಳ 8,00,000ಕ್ಕೆ 80,000. ದುಡಿಯುವ ಬಂಡವಾಳವನ್ನು ಬೇರೆ ಸಾಲವಾಗಿ ಪಡೆಯುವಾಗ ಅದರ ಐದನೆಯ ಒಂದು ಭಾಗವನ್ನು ಉದ್ಯಮಿಯೇ ಹಾಕಬೇಕೆಂದು ಬ್ಯಾಂಕ್ ಕೇಳಿದರೆ ಇನ್ನೂ 40,000. ಒಟ್ಟು 1,20,000 ಕೈಯಿಂದ ಹೊರಡಬೇಕು, ಪಿಎಂಇಜಿಪಿಯಲ್ಲಾದರೆ 50,000. ಕೈಯಲ್ಲಿ ಅರವತ್ತು ಸಾವಿರವಷ್ಟೇ ಇರುವವರಿಗೆ ಶೇ. 50ರ ಯೋಜನೆ ದೂರದ್ದಾಗುತ್ತದೆ. ಯಂತ್ರದ ಪಾಲು ಹೆಚ್ಚಿರುವ, ದುಡಿಯುವ ಬಂಡವಾಳ ಕಡಿಮೆ ಸಾಕಾಗುವ ಘಟಕವಾದರೆ ಲೆಕ್ಕ ತಿರುಗಿ ಪಿಎಂಎಫ್‌ಎಂಇ ಮುಂದಾಗುತ್ತದೆ. ಸಾಮಾನ್ಯ ವರ್ಗದ ಪುರುಷ ಅರ್ಜಿದಾರರಿಗೆ, ಅದೂ ಪಟ್ಟಣದಲ್ಲಾದರೆ, ಪಿಎಂಇಜಿಪಿಯಲ್ಲಿ ಶೇ. 15 ಮಾತ್ರ ಸಿಗುವುದರಿಂದ ಅವರಿಗೆ ಉತ್ತರ ಸ್ಪಷ್ಟ.

ಇನ್ನೊಂದು ಭೇದ ನಿರ್ಣಾಯಕವಾದದ್ದು. ಪಿಎಂಇಜಿಪಿಯ ಮೊದಲ ಸಾಲ ಹೊಸ ಘಟಕಗಳಿಗೆ ಮಾತ್ರ. ಮನೆಯಲ್ಲೇ ಒಂದು ಸಣ್ಣ ಯಂತ್ರವಿಟ್ಟು ಎರಡು ವರ್ಷದಿಂದ ಪುಡಿ ಮಾರುತ್ತಿರುವ ಘಟಕವನ್ನು ಹೊಸದೆಂದು ತೋರಿಸಲು ಹೋಗುವುದು ಅಪಾಯ, ಏಕೆಂದರೆ ಉದ್ಯಮ್ ನೋಂದಣಿ, ಆಹಾರ ಪರವಾನಗಿ, ಬ್ಯಾಂಕ್ ಖಾತೆ ಇವುಗಳ ದಿನಾಂಕಗಳು ಎದುರಿಗೇ ಇರುತ್ತವೆ. ಅಂಥವರಿಗೆ ಪಿಎಂಎಫ್‌ಎಂಇ ಸಹಜವಾದ ದಾರಿ. ಅದು ಇರುವ ಘಟಕಗಳನ್ನು ಮೇಲ್ದರ್ಜೆಗೇರಿಸುವುದಕ್ಕೂ ಅನ್ವಯಿಸುತ್ತದೆ. ಅಲ್ಲಿಯೂ ಸಹಾಯಧನ ಮೂರು ವರ್ಷ ಬ್ಯಾಂಕಿನಲ್ಲಿ ಬೇರೆಯಾಗಿ ನಿಂತು, ಸಾಲ ಸುಸ್ತಿಯಾಗದೆ ಘಟಕ ನಡೆಯುತ್ತಿದ್ದರೆ ಮಾತ್ರ ಹೊಂದಾಣಿಕೆಯಾಗುತ್ತದೆ.

ಸಹಾಯಧನವಿಲ್ಲದೆ ನಿಲ್ಲುತ್ತದೆಯೇ?

ಬ್ಯಾಂಕಿನವರು ಹಣಕಾಸಿನ ಪುಟ ಓದುವಾಗ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಇಟ್ಟುಕೊಂಡಿರುತ್ತಾರೆ: ಮಾರ್ಜಿನ್ ಮನಿ ಬರದಿದ್ದರೆ, ಅಥವಾ ವಾಪಸು ಹೋದರೆ, ಈ ಉದ್ಯಮ ಪೂರ್ತಿ ಸಾಲವನ್ನು ತೀರಿಸಬಲ್ಲದೇ? ಈ ಪ್ರಶ್ನೆಗೆ ವರದಿಯಲ್ಲೇ ಉತ್ತರವಿರುವುದು ಒಳ್ಳೆಯದು.

ನಮ್ಮ ಘಟಕದ ತಿಂಗಳ ಮಾರಾಟ 1,95,000 ಎಂದಿಟ್ಟುಕೊಳ್ಳಿ. ಖರ್ಚು 1,50,000 ಕಳೆದು, ಉದ್ಯಮಿಯ ಮನೆ ಖರ್ಚಿಗೆ 15,000 ತೆಗೆದರೆ, ಸಾಲಕ್ಕೆ ಉಳಿಯುವುದು 30,000. ಮನೆ ಖರ್ಚನ್ನು ಬರೆಯದೆ ಬಿಡುವುದು ಇಂಥ ವರದಿಗಳ ಹಳೆಯ ಚಾಳಿ. ಊಟವಿಲ್ಲದೆ ಯಾರೂ ಉದ್ಯಮ ನಡೆಸುವುದಿಲ್ಲ. ಸಹಾಯಧನವಿಲ್ಲದೆ ಮೊದಲ ಕಂತುಗಳು ಅಸಲು 12,667 ಮತ್ತು ಬಡ್ಡಿ 8,708 ಸೇರಿ 21,375. ಉಳಿಕೆ ಅದರ 1.4 ಪಟ್ಟು. ಠೇವಣಿಯಿದ್ದಾಗ 18,167; ಉಳಿಕೆ 1.65 ಪಟ್ಟು. ಈ ಅನುಪಾತ ಒಂದೂವರೆಯ ಆಸುಪಾಸಿನಲ್ಲಿದ್ದರೆ ಬ್ಯಾಂಕುಗಳು ಸಾಮಾನ್ಯವಾಗಿ ನೆಮ್ಮದಿಯಿಂದಿರುತ್ತವೆ. ಈಗ ಮಾರಾಟ ಶೇ. 10 ಕುಸಿಯಿತೆನ್ನಿ: ಆದಾಯ 19,500 ಕಡಿಮೆ, ಕಚ್ಚಾವಸ್ತು ಮತ್ತು ಪ್ಯಾಕಿಂಗ್ ಖರ್ಚು 12,000 ಕಡಿಮೆ, ಉಳಿಕೆ 22,500. ಸಹಾಯಧನವಿಲ್ಲದಿದ್ದರೆ ಅನುಪಾತ 1.05ಕ್ಕೆ ಇಳಿದು ಉಸಿರು ಬಿಗಿಹಿಡಿಯುವ ಸ್ಥಿತಿ, ಇದ್ದರೆ 1.24. ಸಾಲ ತೀರುತ್ತದೆ, ಆದರೆ ಎರಡು ಕೆಟ್ಟ ತಿಂಗಳುಗಳು ಒಟ್ಟಿಗೆ ಬಂದರೆ ಕಷ್ಟ ಎಂಬುದು ಈ ನಾಲ್ಕು ಅಂಕಿಗಳಿಂದ ತಿಳಿಯುತ್ತದೆ. ಆಗ ಮರುಪಾವತಿಯ ಅವಧಿಯನ್ನು ಐದರಿಂದ ಏಳು ವರ್ಷಕ್ಕೆ ಕೇಳುವುದಕ್ಕೆ ವರದಿಯಲ್ಲೇ ಕಾರಣ ಸಿಕ್ಕಂತಾಗುತ್ತದೆ: 84 ಕಂತುಗಳಾದರೆ ತಿಂಗಳ ಅಸಲು 9,048ಕ್ಕೆ ಇಳಿಯುತ್ತದೆ, ಮತ್ತು ಮಾರಾಟ ಕುಸಿದು ಸಹಾಯಧನವೂ ಬಾರದ ಸ್ಥಿತಿಯಲ್ಲಿ ಅನುಪಾತ 1.27ರಷ್ಟು ಉಳಿಯುತ್ತದೆ.

ಯೋಜನೆಯ ಅವಧಿಯನ್ನೂ ನೋಡಿಕೊಳ್ಳಬೇಕು. ಪಿಎಂಇಜಿಪಿಗೆ ಕೇಂದ್ರ ಸರ್ಕಾರ ಕೊಟ್ಟ ಅನುಮೋದನೆ 2021-22ರಿಂದ 2025-26ರ ಆರ್ಥಿಕ ವರ್ಷದವರೆಗಿನದು, ಮತ್ತು ಪಿಎಂಎಫ್‌ಎಂಇಯ ಅವಧಿಯೂ ಅದೇ ವರ್ಷದವರೆಗೆ ಇತ್ತು. ಅಂಥ ಅವಧಿ ಮುಗಿಯುವ ಹೊತ್ತಿನಲ್ಲಿ ಅರ್ಜಿ ಹಾಕುವವರು ಆ ದಿನ ಜಾರಿಯಲ್ಲಿರುವ ಮಾರ್ಗಸೂಚಿಯನ್ನೇ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ ಪಡೆದು, ಅದರ ದಿನಾಂಕವನ್ನು ವರದಿಯಲ್ಲಿ ನಮೂದಿಸಬೇಕು. ಹಳೆಯ ವರದಿಯ ಪ್ರತಿಯಿಂದ ಶೇಕಡಾವಾರನ್ನು ನಕಲು ಮಾಡುವುದರಿಂದಲೇ 2022ರ ಮೊದಲಿನ 25 ಲಕ್ಷದ ಮಿತಿ ಈಗಲೂ ಕೆಲವು ವರದಿಗಳಲ್ಲಿ ಉಳಿದುಕೊಂಡಿದೆ.

ಇಷ್ಟನ್ನೂ ಕೂಡಿಸಿದರೆ ನಮ್ಮ ಘಟಕದ ಹಣಕಾಸಿನ ಭಾಗ ಹೀಗೆ ಬರೆಯಬಹುದು:

"ಒಟ್ಟು ಯೋಜನಾ ವೆಚ್ಚ ರೂ. 10,00,000. ಇದರಲ್ಲಿ ಸ್ಥಿರ ಬಂಡವಾಳ ರೂ. 8,00,000 ಮತ್ತು 40 ದಿನಗಳ ಒಂದು ಸುತ್ತಿನ ದುಡಿಯುವ ಬಂಡವಾಳ ರೂ. 2,00,000. ಸ್ವಂತ ವಂತಿಗೆ ರೂ. 50,000 ನನ್ನ ಉಳಿತಾಯ ಖಾತೆಯಲ್ಲಿದ್ದು ಪುಟದ ಪ್ರತಿಯನ್ನು ಲಗತ್ತಿಸಿದ್ದೇನೆ. ಬ್ಯಾಂಕಿನಿಂದ ಅವಧಿ ಸಾಲ ರೂ. 7,60,000 ಮತ್ತು ಕ್ಯಾಶ್ ಕ್ರೆಡಿಟ್ ಮಿತಿ ರೂ. 1,90,000 ಕೋರಿದ್ದೇನೆ. ವಿಶೇಷ ವರ್ಗ ಹಾಗೂ ಗ್ರಾಮೀಣ ಘಟಕದ ನೆಲೆಯಲ್ಲಿ ರೂ. 3,50,000 ಮಾರ್ಜಿನ್ ಮನಿಯನ್ನು ನಿರೀಕ್ಷಿಸಿದ್ದು, ಅದನ್ನು ಹಣಕಾಸಿನ ಮೂಲವಾಗಿ ಪರಿಗಣಿಸಿಲ್ಲ. ಮೊದಲ ಆರು ತಿಂಗಳು ಪೂರ್ತಿ ಸಾಲಕ್ಕೆ ಬಡ್ಡಿ ಲೆಕ್ಕ ಹಾಕಿದ್ದೇನೆ. ಮಾರ್ಜಿನ್ ಮನಿ ದೊರೆಯದ ಸಂದರ್ಭದ ಮರುಪಾವತಿ ಸಾಮರ್ಥ್ಯವನ್ನು ಮುಂದಿನ ಪುಟದಲ್ಲಿ ತೋರಿಸಿದ್ದೇನೆ. ಇದೇ ಘಟಕಕ್ಕೆ ಬೇರೆ ಯಾವುದೇ ಸರ್ಕಾರಿ ಸಹಾಯಧನ ಪಡೆದಿಲ್ಲ."